ಹೊಸ ಸಿಮ್ ಸಂಜೆ ಕೆಲಸ ಮಾಡಿತು, ಬೆಳಿಗ್ಗೆ ಟವರ್ ಇಲ್ಲ: ಲೋಪ ಎಲ್ಲಿದೆ?

ಪ್ರಶ್ನೆ: ಅಡಿಕೆ ತೋಟದ ಕೊಳವೆಬಾವಿ ಮೋಟಾರಿಗೆ ನಾಲ್ಕು ವರ್ಷದ ಹಿಂದೆ, ಕರೆ ಅಥವಾ ಮೆಸೇಜಿನಿಂದ ದೂರದಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆ. ಅದರ ಸಿಮ್ ಕೆಟ್ಟಿತೆಂದು ಅದೇ ನಂಬರಿಗೆ ಹೊಸ ಸಿಮ್ ಮಾಡಿಸಿದೆ. ಸಂಜೆ ಆರರ ಹೊತ್ತಿಗೆ ನನ್ನ ಫೋನಿಗೆ ಹಾಕಿ ನೋಡಿದಾಗ ಟವರ್ ಬಂತು, ಕರೆಯೂ ಹೋಯಿತು. ಮರುದಿನ ಬೆಳಿಗ್ಗೆ ಸ್ಟಾರ್ಟರಿಗೆ ಹಾಕಿದರೆ ಟವರ್ ಇಲ್ಲ, ಮೆಸೇಜ್ ಕಳಿಸಿದರೆ ಉತ್ತರವೂ ಇಲ್ಲ. ಆಫ್ ಮಾಡಿ ಆನ್ ಮಾಡಿ ನೋಡಿದ್ದಾಯಿತು. ತೆಗೆದು ಫೋನಿಗೆ ಹಾಕಿದರೆ ಈಗ ಪಿಯುಕೆ ಕೇಳುತ್ತಿದೆ. ಸುರಕ್ಷತೆಗೆಂದು ಸಿಮ್ ಲಾಕ್ ಹಾಕಿದ್ದೆ ಎಂದು ಮಗ ಈಗ ಹೇಳುತ್ತಿದ್ದಾನೆ. ಅಂಗಡಿಯವರು ಸಿಮ್ ಹೋಗಿದೆ, ಇನ್ನೊಂದು ಮಾಡಿಸಿ ಎನ್ನುತ್ತಾರೆ. ಮಾಡಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಸಿಮ್ ಸತ್ತಿಲ್ಲ. ಸತ್ತ ಕಾರ್ಡ್ ಪಿಯುಕೆ ಕೇಳುವುದಿಲ್ಲ. ಫೋನು ಅದನ್ನು ಕಾರ್ಡೆಂದೇ ಗುರುತಿಸದೆ ಸಿಮ್ ಇಲ್ಲ ಎಂದು ತೋರಿಸುತ್ತದೆ. ನಿಮ್ಮ ಕಾರ್ಡ್ ಓದಲು ಸಿಗುತ್ತಿದೆ, ತನ್ನ ಬೀಗ ಬಿದ್ದಿದೆಯೆಂದು ತಾನೇ ಹೇಳುತ್ತಿದೆ. ಆ ಬೀಗವನ್ನು ತೆಗೆಯುವ ಪಿಯುಕೆ ಎಂಬ ಎಂಟು ಅಂಕಿಯ ಸಂಖ್ಯೆ ಸಿಕ್ಕರೆ ಐದು ನಿಮಿಷದ ಕೆಲಸ. ಬೆಳಿಗ್ಗೆ ಮೆಸೇಜಿಗೆ ಉತ್ತರ ಬಾರದೇ ಇದ್ದುದಕ್ಕೆ ಮಾತ್ರ ಬೀಗದ ಜೊತೆಗೆ ಇನ್ನೊಂದು ಕಾರಣವೂ ಇದೆ. ಬೀಗ ತೆಗೆದ ಮೇಲೂ ಆ ಕಾರಣ ಸ್ವಲ್ಪ ಹೊತ್ತು ಉಳಿದಿರಬಹುದಾದ್ದರಿಂದ ಅದನ್ನು ಮುಂದೆ ಪ್ರತ್ಯೇಕವಾಗಿ ವಿವರಿಸುತ್ತೇನೆ.

ಸಿಮ್ ಬದಲಿಸಿದ ಮೇಲೆ ಟವರ್ ಹೋಯಿತೆಂದು ನಮ್ಮಲ್ಲಿಗೆ ಬರುವವರೆಲ್ಲ ಒಂದೇ ಮಾತು ಹೇಳುತ್ತಾರೆ, ಆದರೆ ಆ ಒಂದು ಮಾತಿನ ಹಿಂದೆ ಬೇರೆ ಬೇರೆ ಲೋಪಗಳಿರುತ್ತವೆ. ಸಾಧನವು ಮೊದಲು ಕಾರ್ಡನ್ನು ಓದಬೇಕು, ಆಮೇಲೆ ಕಾರ್ಡಿನ ಪಿನ್ ಬೀಗ ತೆರೆಯಬೇಕು, ಅನಂತರ ಹತ್ತಿರದ ಟವರಿನ ಮೂಲಕ ಕಂಪನಿಯಲ್ಲಿ ತನ್ನ ಹೆಸರು ನೋಂದಾಯಿಸಿಕೊಳ್ಳಬೇಕು, ಆಗ ಕಂಪನಿಯ ದಾಖಲೆಯಲ್ಲಿ ನಿಮ್ಮ ನಂಬರು ಈ ಹೊಸ ಕಾರ್ಡಿಗೆ ಜೋಡಣೆಯಾಗಿರಬೇಕು. ಇವು ಒಂದರ ಹಿಂದೆ ಒಂದಿರುವ ಬಾಗಿಲುಗಳು. ಮೊದಲನೆಯದು ಮುಚ್ಚಿದ್ದರೆ ಎರಡನೆಯದರ ಸ್ಥಿತಿ ತಿಳಿಯುವುದೇ ಇಲ್ಲ. ಯಾವ ಬಾಗಿಲಲ್ಲಿ ನಿಂತಿದೆಯೆಂದು ನೋಡದೆ ಕಾರ್ಡನ್ನೇ ಬದಲಿಸಿದರೆ ಹಳೆಯ ಲೋಪ ಅಲ್ಲೇ ಉಳಿದು, ಅದರ ಮೇಲೆ ಹೊಸ ಕಾಯುವಿಕೆ ಸೇರಿಕೊಳ್ಳುತ್ತದೆ.

ಮೊದಲು ಕೊನೆಯ ಬಾಗಿಲಿನ ಮಾತು, ಏಕೆಂದರೆ ನಿಮ್ಮ ವಿಷಯದಲ್ಲಿ ಅದು ತೆರೆದಿದೆಯೆಂದು ಖಚಿತವಾಗಿ ಹೇಳಬಹುದು. ನಿಮ್ಮ ಹತ್ತಂಕಿಯ ಮೊಬೈಲ್ ನಂಬರು ಸಿಮ್ ಕಾರ್ಡಿನ ಒಳಗೆ ಇದೆಯೆಂದು ಬಹಳ ಜನ ತಿಳಿದಿದ್ದಾರೆ, ಹಾಗಿಲ್ಲ. ಕಾರ್ಡಿನಲ್ಲಿರುವುದು ಅದರದೇ ಆದ ಗುರುತು ಸಂಖ್ಯೆ ಮತ್ತು ಒಂದು ರಹಸ್ಯ ಕೀಲಿ. ಐಎಂಎಸ್ಐ ಎಂಬ ಆ ಗುರುತು ಸಂಖ್ಯೆ ನಮ್ಮ ದೇಶದ ಕಾರ್ಡುಗಳಲ್ಲಿ 404 ಅಥವಾ 405ರಿಂದ ಶುರುವಾಗುತ್ತದೆ. ಈ ಗುರುತಿನ ಕಾರ್ಡಿಗೆ ಈ ಮೊಬೈಲ್ ನಂಬರು ಸೇರಿದ್ದು ಎಂಬ ಸಂಬಂಧ ಕಂಪನಿಯ ಕೇಂದ್ರ ದಾಖಲೆಯಲ್ಲಿ ಇರುತ್ತದೆ. ಸಿಮ್ ಬದಲಿಸುವುದೆಂದರೆ ಆ ದಾಖಲೆಯಲ್ಲಿ ಹಳೆಯ ಗುರುತನ್ನು ಕಿತ್ತು ಹೊಸ ಗುರುತನ್ನು ಬರೆಯುವುದು. ಹಳೆಯ ಕಾರ್ಡ್ ಇನ್ನೂ ಕೆಲಸ ಮಾಡುತ್ತಿದ್ದವರಿಗೆ ಈ ಬದಲಾವಣೆಯ ಮೊದಲ ಗುರುತು ಹಳೆಯದರಲ್ಲಿ ಟವರ್ ಹೋಗುವುದು. ಅದು ಹೋಗಿ ಹೊಸದರಲ್ಲಿ ಬರುವವರೆಗೆ ಕೆಲವು ನಿಮಿಷ, ಕೆಲವೊಮ್ಮೆ ಕೆಲವು ಗಂಟೆ, ಎರಡೂ ಸುಮ್ಮನಿರುವುದು ಸಹಜ.

ಹೊಸ ಕಾರ್ಡಿಗೆ ನಂಬರು ಜೋಡಣೆಯಾಯಿತೇ ಎಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಅತ್ಯಂತ ನಂಬಲರ್ಹವಾದುದು ಬಹಳ ಸರಳವಾದುದು. ಆ ಸಿಮ್‌ನಿಂದ ಮನೆಯ ಇನ್ನೊಂದು ಫೋನಿಗೆ ಕರೆ ಮಾಡಿ, ಆ ಫೋನಿನ ಪರದೆಯ ಮೇಲೆ ಯಾವ ನಂಬರು ಮೂಡುತ್ತದೆಂದು ನೋಡಬೇಕು. ಅಲ್ಲಿ ಕಾಣುವ ನಂಬರು ನಿಮ್ಮ ಕಾರ್ಡಿನಿಂದ ಬಂದದ್ದಲ್ಲ, ಕಂಪನಿಯ ದಾಖಲೆಯಿಂದ ಬಂದದ್ದು. ಆದ್ದರಿಂದ ನಿಮ್ಮ ಹಳೆಯ ನಂಬರೇ ಮೂಡಿದರೆ ಜೋಡಣೆ ಮುಗಿದಿದೆಯೆಂದೇ ಅರ್ಥ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ನನ್ನ ನಂಬರು ಎಂಬಲ್ಲಿ ಏನೂ ಇಲ್ಲದಿದ್ದರೆ ಗಾಬರಿ ಬೇಡ. ಅಲ್ಲಿ ತಪ್ಪು ಬರಹವೂ ಇರಬಹುದು, ಅದನ್ನು ಪುರಾವೆಯಾಗಿ ತೆಗೆದುಕೊಳ್ಳಬಾರದು. ನೀವು ಸಂಜೆ ಆರಕ್ಕೆ ಕರೆ ಮಾಡಿದ್ದೀರಿ, ಅದು ಹೋಗಿದೆ. ಕರೆ ಸ್ವೀಕರಿಸಿದವರ ಫೋನಿನ ಪಟ್ಟಿಯಲ್ಲಿ ತೋಟದ ಸ್ಟಾರ್ಟರಿನ ನಂಬರು ಇದ್ದರೆ, ಸಕ್ರಿಯಗೊಳಿಸುವ ಕೆಲಸದಲ್ಲಿ ಕಂಪನಿಯದಾಗಲಿ ಅಂಗಡಿಯದಾಗಲಿ ಯಾವ ಬಾಕಿಯೂ ಇಲ್ಲ. ಇವತ್ತೇ ಆ ಪಟ್ಟಿಯನ್ನು ತೆರೆದು ನೋಡಿಬಿಡಿ.

ಹಾಗಾದರೆ ಸಂಜೆ ಇದ್ದುದು ಬೆಳಿಗ್ಗೆ ಹೇಗೆ ಹೋಯಿತು? ಇಲ್ಲಿ ನಿಮ್ಮ ಮಗನ ಮಾತು ಎಲ್ಲವನ್ನೂ ಬಿಡಿಸಿ ಹೇಳುತ್ತದೆ, ಅವರನ್ನು ಗದರಬೇಡಿ. ಸಿಮ್ ಲಾಕ್ ಎಂಬುದು ಫೋನಿನ ಬೀಗವಲ್ಲ, ಕಾರ್ಡಿನ ಬೀಗ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲೂ ಮಾಡಿದರೂ ಆ ಸ್ಥಿತಿ ಬರೆಯಲ್ಪಡುವುದು ಸಿಮ್ ಚಿಪ್ಪಿನ ಒಳಗೆ, ಮತ್ತು ಆ ಕಾರ್ಡ್ ಎಲ್ಲಿಗೆ ಹೋದರೂ ಬೀಗ ಜೊತೆಯಲ್ಲೇ ಹೋಗುತ್ತದೆ. ಇನ್ನೊಂದು ಸಂಗತಿಯೆಂದರೆ, ಒಮ್ಮೆ ಸರಿಯಾದ ಪಿನ್ ಕೊಟ್ಟ ಮೇಲೆ ಕಾರ್ಡಿಗೆ ವಿದ್ಯುತ್ ಇರುವವರೆಗೆ ಮತ್ತೆ ಅದು ಪಿನ್ ಕೇಳುವುದಿಲ್ಲ. ಮಗ ಲಾಕ್ ಹಾಕಿದ ಆ ಸಂಜೆ ಫೋನು ಚಾಲೂ ಇದ್ದುದರಿಂದ ಟವರ್ ಹಾಗೆಯೇ ಇತ್ತು, ಏನೂ ಬದಲಾದಂತೆ ತೋರಲಿಲ್ಲ. ಕಾರ್ಡನ್ನು ಫೋನಿನಿಂದ ಹೊರಗೆ ಎಳೆದ ಕ್ಷಣದಲ್ಲಿ ಆ ಅನುಮತಿ ಮುಗಿಯಿತು. ಬೆಳಿಗ್ಗೆ ಸ್ಟಾರ್ಟರಿನೊಳಗೆ ಕಾರ್ಡ್ ಎಚ್ಚರವಾದಾಗ ಮೊದಲು ಕೇಳಿದ್ದೇ ಪಿನ್. ಸ್ಟಾರ್ಟರಿಗೆ ಕೀಲಿಮಣೆಯಿಲ್ಲ, ಒತ್ತುವವರಿಲ್ಲ.

ಆದರೂ ಬರೀ ಇಷ್ಟೇ ಆಗಿದ್ದರೆ ಕಾರ್ಡ್ ನಿಮ್ಮ ಫೋನಿನಲ್ಲಿ ಈಗ ಪಿನ್ ಕೇಳಬೇಕಿತ್ತು, ಪಿಯುಕೆ ಅಲ್ಲ. ಪಿಯುಕೆ ಕೇಳುತ್ತಿದೆಯೆಂದರೆ ಯಾರೋ ಮೂರು ಬಾರಿ ತಪ್ಪು ಪಿನ್ ಕೊಟ್ಟಿದ್ದಾರೆ, ಅದೇ ಮಿತಿ. ನೀವಾಗಲಿ ಮನೆಯವರಾಗಲಿ ಒತ್ತಿಲ್ಲವೆಂದಾದರೆ ಒತ್ತಿದ್ದು ಸ್ಟಾರ್ಟರೇ. ಇಂಥ ಕೆಲವು ಸ್ಟಾರ್ಟರುಗಳಲ್ಲೂ ವಾಹನಗಳಿಗೆ ಹಾಕುವ ಟ್ರ್ಯಾಕರುಗಳಲ್ಲೂ ಪಿನ್ ಸಂಖ್ಯೆಯೊಂದನ್ನು ಮೊದಲೇ ಬರೆದಿಟ್ಟಿರುತ್ತಾರೆ. ಕಾರ್ಡ್ ಪಿನ್ ಕೇಳಿದರೆ ಸಾಧನ ಸದ್ದಿಲ್ಲದೆ ಅದನ್ನು ಕೊಡುತ್ತದೆ. ಹಳೆಯ ಕಾರ್ಡಿಗೆ ಬೀಗವೇ ಇರದ ಕಾರಣ ನಾಲ್ಕು ವರ್ಷ ಆ ಸಂಖ್ಯೆಯ ಪ್ರಸಂಗವೇ ಬರಲಿಲ್ಲ. ಹೊಸ ಕಾರ್ಡ್ ಕೇಳಿತು, ಸ್ಟಾರ್ಟರ್ ತನ್ನ ಹಳೆಯ ಸಂಖ್ಯೆಯನ್ನು ಕೊಟ್ಟಿತು, ಅದು ತಪ್ಪಾಗಿತ್ತು. ನೀವು ಟವರ್ ಬರಲೆಂದು ಒಮ್ಮೆ ಆಫ್ ಮಾಡಿ ಆನ್ ಮಾಡಿದಿರಿ, ಎರಡನೆಯ ತಪ್ಪು. ಇನ್ನೊಮ್ಮೆ ಮಾಡಿದಿರಿ, ಮೂರನೆಯದು. ಕರೆಂಟು ಹೋಗಿ ಬಂದರೂ ಇದೇ ಆಗುತ್ತದೆ. ಟವರ್ ಸಿಗದಿದ್ದರೆ ಆಫ್ ಮಾಡಿ ಆನ್ ಮಾಡು ಎಂಬುದು ಸಾಮಾನ್ಯವಾಗಿ ಒಳ್ಳೆಯ ಸಲಹೆಯೇ, ಆದರೆ ಬೀಗ ಬಿದ್ದ ಕಾರ್ಡಿನ ಮಟ್ಟಿಗೆ ಅದು ಅಪಾಯ. ಆದ್ದರಿಂದ ಬೀಗ ತೆಗೆಯುವವರೆಗೆ ಈ ಕಾರ್ಡನ್ನು ಮತ್ತೆ ಸ್ಟಾರ್ಟರಿಗೆ ಹಾಕಬೇಡಿ.

ಈಗ ಪಿಯುಕೆಯ ವಿಷಯ. ಅದು ಎಂಟು ಅಂಕಿಯ ಸಂಖ್ಯೆ. ಅದನ್ನು ಊಹಿಸಲು ಸಾಧ್ಯವಿಲ್ಲ, ಊಹಿಸಲೂ ಬಾರದು, ಏಕೆಂದರೆ ಹತ್ತು ಬಾರಿ ತಪ್ಪಿದರೆ ಕಾರ್ಡ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಆಗ ಮಾತ್ರ ಅಂಗಡಿಯವರು ಹೇಳಿದ್ದು ಸರಿಯಾಗುತ್ತದೆ. ಇನ್ನೆಷ್ಟು ಅವಕಾಶ ಉಳಿದಿದೆಯೆಂದು ಹೆಚ್ಚಿನ ಫೋನುಗಳು ಪರದೆಯ ಮೇಲೆಯೇ ತೋರಿಸುತ್ತವೆ, ಅದನ್ನು ಗಮನಿಸಿ. ಇಲ್ಲಿ ಎಷ್ಟೋ ಜನ ಎಡವುವುದನ್ನು ಕಂಡಿದ್ದೇನೆ: ಮೇಜಿನ ಖಾನೆಯಲ್ಲಿ ಜೋಪಾನವಾಗಿಟ್ಟ ಹಳೆಯ ಸಿಮ್‌ನ ಪ್ಲಾಸ್ಟಿಕ್ ಚೌಕಟ್ಟನ್ನು ಹುಡುಕಿ ತೆಗೆದು ಅದರ ಮೇಲಿನ ಪಿಯುಕೆಯನ್ನು ಒತ್ತುತ್ತಾರೆ. ನಂಬರು ಅದೇ ಇದ್ದ ಮೇಲೆ ಪಿಯುಕೆಯೂ ಅದೇ ಇರಬೇಕೆಂಬ ಎಣಿಕೆ. ಪಿಯುಕೆ ಕಾರ್ಡಿಗೆ ಸೇರಿದ್ದು, ನಂಬರಿಗಲ್ಲ. ಕಾರ್ಡ್ ಬದಲಾದ ದಿನವೇ ಹಳೆಯ ಪಿಯುಕೆ ವ್ಯರ್ಥವಾಯಿತು. ಅದನ್ನು ಎರಡು ಮೂರು ಸಲ ಒತ್ತಿದವರು ತಮ್ಮ ಹತ್ತು ಅವಕಾಶಗಳಲ್ಲಿ ಅಷ್ಟನ್ನು ಕಳೆದುಕೊಂಡಿರುತ್ತಾರೆ.

ಮೊದಲು ಹೊಸ ಸಿಮ್‌ ಮುರಿದು ತೆಗೆದ ಚೌಕಟ್ಟನ್ನು ನೋಡಿ. ಕೆಲವು ಕಂಪನಿಗಳು ಪಿಯುಕೆಯನ್ನು ಅದರ ಮೇಲೆ ಅಥವಾ ಜೊತೆಯ ಲಕೋಟೆಯ ಮೇಲೆ ಮುದ್ರಿಸುತ್ತವೆ. ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ಅಥವಾ ಮುದ್ರಿಸಿಲ್ಲದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಬೇರೆ ಫೋನಿನಿಂದ ಕರೆ ಮಾಡಬೇಕು. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡುವುದು ಒಳ್ಳೆಯದು. ಹೆಸರು, ಹುಟ್ಟಿದ ದಿನಾಂಕ, ವಿಳಾಸ ಕೇಳಿ ಖಚಿತಪಡಿಸಿಕೊಂಡ ಮೇಲೆ ಅವರು ಸಂಖ್ಯೆಯನ್ನು ಕೊಡುತ್ತಾರೆ. ಆ ಹೊತ್ತಿಗೆ ಕಾರ್ಡಿನ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿರುವ ಉದ್ದನೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಿ. ಐಸಿಸಿಐಡಿ ಎಂಬ ಈ ಸಂಖ್ಯೆ 19 ಅಥವಾ 20 ಅಂಕಿಯದಾಗಿದ್ದು, ನಮ್ಮ ದೇಶದ ಕಾರ್ಡಾದರೆ 8991ರಿಂದ ಶುರುವಾಗುತ್ತದೆ. ನಿಮ್ಮ ಖಾತೆಯಲ್ಲಿ ಈಗ ಇರುವ ಕಾರ್ಡಿನ ಕೊನೆಯ ಕೆಲವು ಅಂಕಿಗಳನ್ನು ಓದಿ ಹೇಳಿ ಎಂದು ಅವರನ್ನು ಕೇಳಿ. ಅದು ನಿಮ್ಮ ಕೈಯಲ್ಲಿರುವ ಕಾರ್ಡಿಗೆ ಹೊಂದಿದರೆ ಅವರು ಕೊಡುವ ಪಿಯುಕೆ ಇದಕ್ಕೇ ಸೇರಿದ್ದು ಎಂಬುದು ಖಾತರಿ, ಮತ್ತು ಕಾರ್ಡಿನ ಜೋಡಣೆಗೂ ಅದು ಎರಡನೆಯ ಪುರಾವೆ.

ಸಂಖ್ಯೆ ಸಿಕ್ಕ ಮೇಲೆ ಫೋನಿನಲ್ಲಿ ಬೇರೆ ಸಿಮ್ ಇದ್ದರೆ ಅದನ್ನು ತೆಗೆದು ಇದೊಂದನ್ನೇ ಹಾಕಿ. ಪರದೆಯೇ ಪಿಯುಕೆ ಕೇಳಿ ಆಮೇಲೆ ಹೊಸ ಪಿನ್ ಕೇಳಿದರೆ ಹಾಗೆಯೇ ಕೊಟ್ಟರೆ ಸಾಕು. ಕೀಲಿಮಣೆಯ ಸಣ್ಣ ಫೋನಿನಲ್ಲಿ ಮಾಡುವುದಾದರೆ ಇದನ್ನು ಒತ್ತಬಹುದು. ಇಲ್ಲಿ ಎಂಟು ಅಂಕಿಯ ಜಾಗದಲ್ಲಿ ನಿಮ್ಮ ಪಿಯುಕೆ, ನಾಲ್ಕು ಅಂಕಿಯ ಎರಡೂ ಕಡೆ ನೀವು ಇಟ್ಟುಕೊಳ್ಳುವ ಹೊಸ ಪಿನ್ ಬರಬೇಕು:

```
**05*12345678*2580*2580#
```

ಟವರ್ ಬರುತ್ತದೆ. ಆದರೆ ಇಲ್ಲಿಗೆ ನಿಲ್ಲಿಸಿ ಕಾರ್ಡನ್ನು ತೋಟಕ್ಕೆ ಒಯ್ದರೆ ನಾಳೆ ಬೆಳಿಗ್ಗೆ ಇದೇ ಕಥೆ. ಪಿಯುಕೆ ಕೊಟ್ಟದ್ದು ಮುಚ್ಚಿದ ಪಿನ್ನನ್ನು ಬಿಡಿಸಿತೇ ಹೊರತು ಪಿನ್ ಕೇಳುವ ಸ್ಥಿತಿಯನ್ನು ತೆಗೆಯಲಿಲ್ಲ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ಭಾಗಕ್ಕೆ ಹೋಗಿ, ಸಿಮ್ ಲಾಕ್ ಎಂಬುದನ್ನು ಆರಿಸಿ, ಈಗ ಇಟ್ಟ ಹೊಸ ಪಿನ್ ಕೊಟ್ಟು ಅದನ್ನು ಆಫ್ ಮಾಡಿ. ಐಫೋನಿನಲ್ಲಾದರೆ ಇದು ಮೊಬೈಲ್ ಡೇಟಾ ಭಾಗದಲ್ಲಿ ಸಿಮ್ ಪಿನ್ ಎಂಬ ಹೆಸರಿನಲ್ಲಿರುತ್ತದೆ. ಆಮೇಲೆ ಫೋನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಏನನ್ನೂ ಕೇಳದೆ ತಾನೇ ಟವರ್ ಹಿಡಿದರೆ ಬೀಗ ಹೋಗಿದೆ. ಈ ಪರೀಕ್ಷೆಯನ್ನು ಬಿಡಬೇಡಿ, ಆನ್ ಇರುವ ಫೋನಿನಲ್ಲಿ ಟವರ್ ಕಂಡದ್ದೇ ನಿಮ್ಮನ್ನು ಮೊದಲ ಸಲ ದಾರಿ ತಪ್ಪಿಸಿದ್ದು. ನಿಮ್ಮ ಸ್ವಂತ ಫೋನಿನ ಸಿಮ್‌ಗೆ ಪಿನ್ ಇಟ್ಟುಕೊಳ್ಳುವುದು ನಿಜಕ್ಕೂ ಒಳ್ಳೆಯ ಅಭ್ಯಾಸ. ಕದ್ದ ಫೋನಿನ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ ಒಟಿಪಿ ಪಡೆಯುವುದನ್ನು ಅದು ತಡೆಯುತ್ತದೆ. ಮನುಷ್ಯರಿಲ್ಲದ ಯಂತ್ರದೊಳಗಿನ ಸಿಮ್‌ಗೆ ಮಾತ್ರ ಅದು ಸಲ್ಲದು.

ಇನ್ನು ಮೆಸೇಜಿನ ವಿಷಯಕ್ಕೆ ಬರುತ್ತೇನೆ. ದೂರಸಂಪರ್ಕ ಇಲಾಖೆಯ ನಿರ್ದೇಶನದಂತೆ, ಬದಲಿ ಸಿಮ್ ಸಕ್ರಿಯವಾದ ಮೇಲೆ 24 ಗಂಟೆ ಕಾಲ ಆ ನಂಬರಿಗೆ ಎಸ್‌ಎಂಎಸ್ ಬರುವುದೂ ಇಲ್ಲ, ಅಲ್ಲಿಂದ ಹೋಗುವುದೂ ಇಲ್ಲ. ಬೇರೊಬ್ಬರ ನಂಬರಿಗೆ ಮೋಸದಿಂದ ಡೂಪ್ಲಿಕೇಟ್ ಸಿಮ್ ಮಾಡಿಸಿ ಒಟಿಪಿ ಕದಿಯುವವರನ್ನು ತಡೆಯಲೆಂದು ಮಾಡಿದ ಏರ್ಪಾಡು ಇದು. ಕರೆಗಳಿಗೆ ಈ ತಡೆಯಿಲ್ಲ. ನಿಮ್ಮ ಕಾರ್ಡ್ ಸಂಜೆ ಆರರ ಹೊತ್ತಿಗೆ ಸಕ್ರಿಯವಾಗಿತ್ತೆಂದು ಲೆಕ್ಕ ಹಿಡಿದರೆ, ಮರುದಿನ ಬೆಳಿಗ್ಗೆ ಸ್ಟಾರ್ಟರಿಗೆ ನೀವು ಕಳಿಸಿದ ಮೆಸೇಜು ಬೀಗವೇ ಇಲ್ಲದಿದ್ದರೂ ತಲುಪುತ್ತಿರಲಿಲ್ಲ. ಎರಡು ಬೇರೆ ಬೇರೆ ಕಾರಣಗಳು ಒಂದೇ ಬೆಳಿಗ್ಗೆ ಒಂದರ ಮೇಲೊಂದು ಕೂತಿದ್ದವು, ಹೊರಗೆ ಕಂಡದ್ದು ಮಾತ್ರ ಒಂದೇ ಮೌನ.

ಇನ್ನೊಂದು ಸಿಮ್ ಮಾಡಿಸಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೂ ಇದೇ ಕಾರಣ. ಮತ್ತೆ ಬದಲಿಸಿದ ದಿನದಿಂದ ಆ 24 ಗಂಟೆ ಮೊದಲಿನಿಂದ ಎಣಿಕೆಯಾಗುತ್ತದೆ, ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಬೇಕಾದವರಿಗೆ ಅದು ಸಣ್ಣ ವಿಷಯವಲ್ಲ. ಬೇಸತ್ತು ಬೇರೆ ಕಂಪನಿಗೆ ಪೋರ್ಟ್ ಮಾಡುವ ಯೋಚನೆ ಬಂದರೂ ತಕ್ಷಣ ಆಗದು. 2024ರ ಜುಲೈ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮದ ಪ್ರಕಾರ ಸಿಮ್ ಬದಲಿಸಿದ 7 ದಿನದೊಳಗೆ ಕೇಳಿದರೆ ಪೋರ್ಟಿಂಗ್ ಸಂಕೇತವೇ ಸಿಗುವುದಿಲ್ಲ.

ಬೀಗ ತೆಗೆದ ಕಾರ್ಡನ್ನು ಸ್ಟಾರ್ಟರಿಗೆ ಹಾಕುವ ಮೊದಲು ಪೆಟ್ಟಿಗೆಗೆ ಬರುವ ತ್ರೀ ಫೇಸ್ ಕರೆಂಟನ್ನು ಮೈನ್ ಸ್ವಿಚ್ಚಿನಲ್ಲೇ ತೆಗೆಯಿರಿ. ಒಳಗಿರುವುದು 415 ವೋಲ್ಟ್. ಸಿಮ್ ಖಾನೆ ಚಿಕ್ಕದಾಗಿ ಮುಂದೆಯೇ ಕಂಡರೂ ಅದರ ಹಿಂದೆ ಬೆರಳಿನ ಅಂತರದಲ್ಲಿ ಆ ತಂತಿಗಳಿರುತ್ತವೆ. ಕೈ ಹಾಕಲು ಹಿಂಜರಿಕೆಯಿದ್ದರೆ ಸ್ಟಾರ್ಟರ್ ಕೂಡಿಸಿದವರನ್ನೇ ಕರೆಸಿ. ಕೆಲವು ಸ್ಟಾರ್ಟರುಗಳಲ್ಲಿ ಕರೆಂಟು ಹೋದಾಗ ಸಂದೇಶ ಕಳಿಸಲೆಂದು ಒಳಗೊಂದು ಬ್ಯಾಟರಿ ಇರುತ್ತದೆ. ಹಾಗಿದ್ದರೆ ಮೈನ್ ತೆಗೆದರೂ ಸಿಮ್ ಓದಿ ಟವರ್ ಹಿಡಿಯುವ ಮಾಡ್ಯೂಲ್ ಎಚ್ಚರವಾಗಿಯೇ ಇರುತ್ತದೆ. ಬ್ಯಾಟರಿಯ ತಂತಿಯನ್ನೂ ಬಿಡಿಸಿ, ದೀಪಗಳೆಲ್ಲ ಆರಿದ ಮೇಲೆ ಕಾರ್ಡ್ ಹಾಕಬೇಕು.

ಪೂರ್ತಿ ಆರಿಸಬೇಕೆಂದು ಹೇಳುವುದಕ್ಕೆ ಒಂದು ಕಾರಣವಿದೆ, ಅದು ಫೋನು ಬಳಸುವವರಿಗೂ ಅನ್ವಯಿಸುತ್ತದೆ. ಕಂಪನಿಯ ದಾಖಲೆಯಲ್ಲಿ ಜೋಡಣೆಯಾಗುವ ಮೊದಲೇ ಹೊಸ ಕಾರ್ಡ್ ಹಾಕಿದರೆ ಸಾಧನ ನೋಂದಣಿಗೆ ಕೇಳುತ್ತದೆ, ಈ ಗುರುತು ನಮ್ಮಲ್ಲಿಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರ ಬಂದ ಮೇಲೆ ಸಾಧನವು ಆ ಕಾರ್ಡನ್ನು ಅಮಾನ್ಯವೆಂದು ಗಣಿಸಿ, ಆಫ್ ಆಗುವವರೆಗೆ ಅಥವಾ ಕಾರ್ಡ್ ಹೊರಗೆ ತೆಗೆಯುವವರೆಗೆ ಮತ್ತೆ ಕೇಳುವುದೇ ಇಲ್ಲ. ತಂತ್ರಜ್ಞಾನದ ನಿಯಮವೇ ಹಾಗಿದೆ. ಅರ್ಧ ಗಂಟೆಯ ನಂತರ ಕಂಪನಿಯ ಕಡೆ ಎಲ್ಲ ಸರಿಯಾದರೂ ನಿಮ್ಮ ಸಾಧನಕ್ಕೆ ಅದು ತಿಳಿಯುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಹಲವು ಬಾರಿ ಈ ಸ್ಥಿತಿ `SIM not provisioned MM#2` ಎಂದು ಬರೆದೇ ಕಾಣುತ್ತದೆ. ಹಾಗೆ ಕಂಡರೆ ಜೋಡಣೆ ಇನ್ನೂ ಆಗಿಲ್ಲ ಅಥವಾ ಆಗಿದ್ದರೂ ಫೋನು ಮರುಕೇಳಿಲ್ಲ ಎಂದರ್ಥ. ಒಂದು ಗಂಟೆ ಬಿಟ್ಟು ಆಫ್ ಮಾಡಿ ಆನ್ ಮಾಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಅದೇ ಜಾಗದಲ್ಲಿ `MM#6` ಎಂದು ಕಂಡರೆ ಕಾರ್ಡಿನಲ್ಲಿ ತಪ್ಪಿಲ್ಲ, ಆ ಫೋನನ್ನೇ ನೆಟ್‌ವರ್ಕ್ ತಡೆದಿದೆ. ಕಳೆದುಹೋಯಿತೆಂದು ಫೋನಿನ ಗುರುತು ಸಂಖ್ಯೆಯಾದ ಐಎಂಇಐ ಬ್ಲಾಕ್ ಮಾಡಿಸಿ, ಫೋನು ಸಿಕ್ಕ ಮೇಲೆ ತೆರವು ಮಾಡಿಸಲು ಮರೆತವರಲ್ಲಿ ಇದನ್ನು ಕಾಣುತ್ತೇವೆ.

ಸ್ಟಾರ್ಟರಿಗೆ ಪರದೆಯಿಲ್ಲ, ಆದರೆ ಒಂದು ಸಣ್ಣ ದೀಪವಿದೆ. ಸಿಮ್800 ಜಾತಿಯ 2ಜಿ ಮಾಡ್ಯೂಲುಗಳಲ್ಲಿ ನೆಟ್‌ವರ್ಕ್ ದೀಪ ಸುಮಾರು ಸೆಕೆಂಡಿಗೊಮ್ಮೆ ಮಿನುಗುತ್ತಿದ್ದರೆ ನೋಂದಣಿ ಆಗಿಲ್ಲ, 3 ಸೆಕೆಂಡಿಗೊಮ್ಮೆ ನಿಧಾನವಾಗಿ ಮಿನುಗಿದರೆ ಆಗಿದೆ. ಬೇರೆ ಮಾಡ್ಯೂಲಿನಲ್ಲಿ ಲೆಕ್ಕ ಬೇರೆಯಿರಬಹುದು, ಸ್ಟಾರ್ಟರಿನ ಜೊತೆ ಬಂದ ಹಾಳೆಯಲ್ಲಿ ಅದನ್ನು ಬರೆದಿರುತ್ತಾರೆ. ಕಾರ್ಡ್ ಹಾಕಿ ಎರಡು ಮೂರು ನಿಮಿಷ ಕಾಯಿರಿ. ದೀಪ ನಿಧಾನವಾದರೆ ನಿಮ್ಮ ಕೆಲಸ ಹೆಚ್ಚುಕಡಿಮೆ ಮುಗಿಯಿತು.

ನಿಧಾನವಾಗದಿದ್ದರೆ ರಿಪೇರಿಯವರು ಲ್ಯಾಪ್‌ಟಾಪ್ ಜೋಡಿಸಿ ಮಾಡ್ಯೂಲನ್ನೇ ಕೇಳಬಹುದು. ಮೂರು ಪ್ರಶ್ನೆ ಸಾಕು:

```
AT+CPIN?
AT+CSQ
AT+CREG?
```

ಮೊದಲನೆಯದಕ್ಕೆ `READY` ಎಂದು ಬಂದರೆ ಬೀಗವಿಲ್ಲ. `SIM PIN` ಅಥವಾ `SIM PUK` ಎಂದರೆ ಮುಂದಿನ ಎರಡನ್ನು ಕೇಳಿ ಪ್ರಯೋಜನವಿಲ್ಲ, ಕಾರ್ಡ್ ಮತ್ತೆ ಫೋನಿಗೆ ಹೋಗಬೇಕು. ಕೊನೆಯ ಪ್ರಶ್ನಾರ್ಥಕ ಚಿಹ್ನೆಯನ್ನು ಮರೆಯಬಾರದು. ಆ ಚಿಹ್ನೆಯಿದ್ದರೆ ಅದು ಬರೀ ವಿಚಾರಣೆ, ಎಷ್ಟು ಸಲ ಕೇಳಿದರೂ ತೊಂದರೆಯಿಲ್ಲ. ಅದರ ಬದಲು ಸಮ ಚಿಹ್ನೆ ಹಾಕಿ ಸಂಖ್ಯೆ ಬರೆದರೆ ಅದು ಪಿನ್ ಕೊಟ್ಟಂತೆ, ತಪ್ಪಿದರೆ ಒಂದು ಅವಕಾಶ ಹೋಗುತ್ತದೆ. ಎರಡನೆಯ ಉತ್ತರದ ಮೊದಲ ಅಂಕಿ ಸಿಗ್ನಲಿನ ಬಲ, 0ಯಿಂದ 31ರವರೆಗೆ. 99 ಬಂದರೆ ಅಳತೆಗೇ ಸಿಕ್ಕಿಲ್ಲ. ಸಿಗ್ನಲ್ 20 ಇದ್ದರೂ ನೋಂದಣಿ ಆಗದಿರಬಹುದು ಎಂಬುದನ್ನು ನೆನಪಿಡಿ. ಟವರಿನ ಸದ್ದು ಕೇಳುವುದು ಬೇರೆ, ಟವರು ನಮ್ಮನ್ನು ಒಳಗೆ ಬಿಡುವುದು ಬೇರೆ. ಅದನ್ನು ಹೇಳುವುದು ಮೂರನೆಯ ಉತ್ತರ. ಅದರಲ್ಲಿ ಅಲ್ಪವಿರಾಮದ ನಂತರ 1 ಇದ್ದರೆ ನೋಂದಣಿಯಾಗಿದೆ, 5 ಇದ್ದರೆ ರೋಮಿಂಗಿನಲ್ಲಿ ಆಗಿದೆ, 2 ಎಂದರೆ ಇನ್ನೂ ಹುಡುಕುತ್ತಿದೆ, 3 ಎಂದರೆ ನೆಟ್‌ವರ್ಕ್ ನಿರಾಕರಿಸಿದೆ. ನಿಮ್ಮ ಕಾರ್ಡ್ ಫೋನಿನಲ್ಲಿ ಸರಿಯಾಗಿ ನೋಂದಣಿಯಾಗಿ ಸ್ಟಾರ್ಟರಿನಲ್ಲಿ ಮಾತ್ರ 2ರಲ್ಲೇ ನಿಂತರೆ ಆಂಟೆನಾದ ತಿರುಪು ಸಡಿಲವಾಗಿದೆಯೇ, ಸಿಮ್ ಬದಲಿಸುವಾಗ ಅದರ ತಂತಿ ಕಳಚಿತೇ ಎಂದು ಮೊದಲು ನೋಡಬೇಕು.

ಇನ್ನೊಂದು ಸಾಧ್ಯತೆಯೂ ಇದೆ. ನಾಲ್ಕು ವರ್ಷದ ಹಿಂದಿನ ಸ್ಟಾರ್ಟರಿನೊಳಗೆ 2ಜಿ ಮಾಡ್ಯೂಲ್ ಇರುವ ಸಂಭವ ಹೆಚ್ಚು. ಹೊಸ ಕಾರ್ಡಿನ ಮೇಲೆ 4ಜಿ ಎಂದೋ 5ಜಿ ಎಂದೋ ಬರೆದಿದ್ದರೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಹಳೆಯ ಮಾಡ್ಯೂಲೂ ಅದನ್ನು ಓದುತ್ತದೆ. ತೊಂದರೆಯಾಗುವುದು ಕಂಪನಿಯ ಬಳಿ 2ಜಿ ಸೇವೆಯೇ ಇಲ್ಲದಿದ್ದಾಗ. ಜಿಯೋ 2016ರಲ್ಲಿ ಶುರುವಾದಾಗಿನಿಂದಲೂ ಅದಕ್ಕೆ 2ಜಿ ಇಲ್ಲ. ಆ ಸಿಮ್ ನಿಮ್ಮ ಫೋನಿನಲ್ಲಿ ಸೊಗಸಾಗಿ ನಡೆದರೂ 2ಜಿ ಸ್ಟಾರ್ಟರಿನಲ್ಲಿ ಎಂದಿಗೂ ನೋಂದಣಿಯಾಗದು. ನೀವು ಅದೇ ಕಂಪನಿಯ ಸಿಮ್ ಬದಲಿಸಿದ್ದೀರಿ, ಹಿಂದಿನದು ಅಲ್ಲಿ ನಡೆದಿತ್ತು, ಆದ್ದರಿಂದ ನಿಮಗಿದು ಅನ್ವಯಿಸದು. ಪೋರ್ಟ್ ಮಾಡುವ ಯೋಚನೆ ಮತ್ತೆ ಬಂದರೆ ಮಾತ್ರ ಇದನ್ನು ನೆನೆಯಿರಿ.

ಕೇಳದೇ ಹೋದ ಒಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಇದೇ ಲಕ್ಷಣ ಕಂಡವರಲ್ಲಿ ಕೆಲವರ ಸ್ಥಿತಿ ನಿಮ್ಮದರಂತಿರುವುದಿಲ್ಲ. ಸಿಮ್ ಬದಲಿಸಲು ನೀವು ಕೇಳಿಯೇ ಇಲ್ಲ, ಪಕ್ಕದವರಿಗೆ ಅದೇ ಕಂಪನಿಯ ಟವರ್ ಇದೆ, ನಿಮ್ಮ ಸಿಮ್‌ನಲ್ಲಿ ಮಾತ್ರ ಇದ್ದಕ್ಕಿದ್ದಂತೆ ಹೋಗಿ ಆಫ್ ಮಾಡಿ ಆನ್ ಮಾಡಿದರೂ ಬರುತ್ತಿಲ್ಲ ಎಂದಾದರೆ, ಬೇರೆ ಯಾರೋ ನಿಮ್ಮ ನಂಬರಿಗೆ ಹೊಸ ಕಾರ್ಡ್ ಪಡೆದಿರಬಹುದು. ಆಗ ಸಂಜೆಯವರೆಗೆ ಕಾಯಬಾರದು. ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ ಸಿಮ್ ಬದಲಾಗಿದೆಯೇ ಎಂದು ಕೇಳಿ ನಂಬರನ್ನು ತಡೆಹಿಡಿಸಬೇಕು, ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ನಿಲ್ಲಿಸಬೇಕು, ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ 24 ಗಂಟೆಯ ಎಸ್‌ಎಂಎಸ್ ತಡೆ ಇರುವುದು ನಿಮಗೆ ಇಷ್ಟು ಮಾಡಲು ಸಮಯ ಸಿಗಲೆಂದೇ.

ನಿಮ್ಮ ತೋಟಕ್ಕೆ ಮರಳಿ ಬರೋಣ. ಬೀಗ ತೆಗೆದಿರಿ, ದೀಪ ನಿಧಾನವಾಯಿತು, 24 ಗಂಟೆಯೂ ಕಳೆಯಿತು, ಸ್ಟಾರ್ಟರಿನ ನಂಬರಿಗೆ ಕರೆ ಮಾಡಿದರೆ ರಿಂಗ್ ಆಗುತ್ತದೆ, ಆದರೂ ಮೋಟಾರು ಚಾಲೂ ಆಗುವುದಿಲ್ಲ ಎಂದರೆ ನೆಟ್‌ವರ್ಕಿನ ಕಡೆ ನೋಡಬೇಡಿ. ಯಾರ ಕರೆಗೆ ಓಗೊಡಬೇಕೆಂಬ ನಂಬರುಗಳ ಪಟ್ಟಿಯನ್ನು ಕೆಲವು ಸ್ಟಾರ್ಟರುಗಳು ತಮ್ಮ ನೆನಪಿನಲ್ಲಿಡದೆ ಸಿಮ್ ಕಾರ್ಡಿನ ಫೋನ್‌ಬುಕ್ಕಿನಲ್ಲೇ ಬರೆದಿಡುತ್ತವೆ. ಹಳೆಯ ಕಾರ್ಡಿನ ಜೊತೆಗೆ ಆ ಪಟ್ಟಿಯೂ ಹೋಗಿದೆ, ಹೊಸ ಕಾರ್ಡ್ ಖಾಲಿಯಾಗಿದೆ. ಸ್ಟಾರ್ಟರಿನ ಹಾಳೆಯಲ್ಲಿ ನಂಬರು ಸೇರಿಸುವ ಮೆಸೇಜು ಹೇಗಿರಬೇಕೆಂದು ಕೊಟ್ಟಿರುತ್ತಾರೆ, ಅದರಂತೆ ನಿಮ್ಮ ನಂಬರನ್ನೂ ಮಗನ ನಂಬರನ್ನೂ ಹೊಸದಾಗಿ ಸೇರಿಸಿ ಕರೆ ಮಾಡಿ ನೋಡಿ.